ರಾಮನ್ ಅವರ ಬೆಂಗಳೂರು ಭಾಷಣ: ಸಾರಾಂಶ ಮತ್ತು ಎರಡು ಪ್ರಶ್ನೆಗಳು

ಮಾನ್ಯ ಮೇಡಂ,

ನಮಸ್ಕಾರ. ಸಿ.ವಿ. ರಾಮನ್ ಅವರ ‘ಎ ನ್ಯೂ ರೇಡಿಯೇಷನ್’ ಪೇಪರಿನ ಪುಟಗಳ ಫೋಟೋ ತೆಗೆದು ನಿನ್ನೆ ರಾತ್ರಿ ನಿಮಗೆ ಕಳಿಸಿದ್ದೆ. ಹಳೇ ಬೈಂಡಿನ ಸಂಪುಟ, ಪೂರ್ತಿ ಅಗಲಿಸಿದರೆ ಹೊಲಿಗೆ ಬಿಟ್ಟುಬಿಡುತ್ತೆ ಅಂತ ಲೈಬ್ರರಿಯವರು ಬಿಡಲಿಲ್ಲ. ಹಾಗಾಗಿ ಒಳಅಂಚಿನ ಅಕ್ಷರಗಳು ಬಾಗಿವೆ. ಪ್ರಯಾಣದಲ್ಲಿ ಅದನ್ನು ಫೋನಿನಲ್ಲಿ ಓದುವುದು ನಿಮಗೆ ಕಷ್ಟ. ಅದಕ್ಕೇ ಸಾರಾಂಶ ಬರೆದು ಕಳಿಸುತ್ತಿದ್ದೇನೆ.

ಇದು 1928ರ ಮಾರ್ಚ್ 16ರಂದು ನಮ್ಮ ಬೆಂಗಳೂರಿನಲ್ಲೇ, ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್‌ನಲ್ಲಿ ಕೊಟ್ಟ ಭಾಷಣ. ಕಲ್ಕತ್ತಾದಲ್ಲಿ ಫೆಬ್ರವರಿ 28ರಂದು ಫಲಿತಾಂಶ ಕಂಡು ಆಗಿನ್ನೂ ಮೂರು ವಾರವೂ ಆಗಿರಲಿಲ್ಲ. ಓದುವಾಗ ಆ ಬಿಸಿ ಗೊತ್ತಾಗುತ್ತೆ.

ಮೊದಲ ಪುಟಗಳಲ್ಲಿ ಹಿನ್ನೆಲೆ ಇದೆ. 1921ರ ಸಮುದ್ರಯಾನದಿಂದ ಶುರುವಾದ ಬೆಳಕಿನ ಚದುರುವಿಕೆಯ ಕೆಲಸ, 1923ರಲ್ಲಿ ರಾಮನಾಥನ್ ಅವರು ನೀರಿನಲ್ಲಿ ಕಂಡ ಮಂಕಾದ ಇನ್ನೊಂದು ಬೆಳಕು. ಅದನ್ನು ಆಗ ದುರ್ಬಲ ಫ್ಲೋರೆಸೆನ್ಸ್ ಅಂತ ಕರೆದರು. ದ್ರವವನ್ನು ಎಷ್ಟು ಶುದ್ಧ ಮಾಡಿದರೂ ಅದು ಹೋಗಲಿಲ್ಲ. ಆಮೇಲೆ ವೆಂಕಟೇಶ್ವರನ್ ಅವರ ಗ್ಲಿಸರಿನ್ ಬರುತ್ತದೆ. ಚೆನ್ನಾಗಿ ಶುದ್ಧ ಮಾಡಿದ ಗ್ಲಿಸರಿನ್‌ನಲ್ಲಿ ಚದುರಿದ ಬಿಸಿಲು ಎಂದಿನ ನೀಲಿಯ ಬದಲು ಹೊಳೆಯುವ ಹಸಿರಾಗಿ ಕಂಡಿತು, ಅದೂ ಬಲವಾಗಿ ಪೋಲರೈಸ್ ಆಗಿ.

ನನಗೆ ತುಂಬಾ ಹಿಡಿಸಿದ್ದು ಫಿಲ್ಟರ್ ಪ್ರಯೋಗ. ಒಂದು ಫಿಲ್ಟರ್ ನೀಲಿ-ನೇರಳೆಯನ್ನು ಮಾತ್ರ ಬಿಡುತ್ತದೆ, ಇನ್ನೊಂದು ಹಳದಿ-ಹಸಿರನ್ನು ಮಾತ್ರ. ಎರಡನ್ನೂ ಒಳಬರುವ ಬೆಳಕಿನ ದಾರಿಯಲ್ಲೇ ಇಟ್ಟರೆ ದ್ರವ ಕತ್ತಲು. ಎರಡನೆಯದನ್ನು ಅಲ್ಲಿಂದ ತೆಗೆದು ದ್ರವಕ್ಕೂ ಕಣ್ಣಿಗೂ ನಡುವೆ ಹಿಡಿದರೆ ಬೆಳಕಿನ ಹಾದಿ ಕಾಣುತ್ತದೆ. ಅಂದರೆ ಬಣ್ಣ ಬದಲಾಗಿದ್ದು ದ್ರವದೊಳಗೆ. ಫಿಲ್ಟರಿನ ಜಾಗ ಬದಲಿಸಿದ್ದಷ್ಟೇ, ಆದರೆ ಅನುಮಾನಕ್ಕೆ ಜಾಗವೇ ಇಲ್ಲ! ಇದನ್ನೇ ಬೇರೆ ಬೇರೆ ದ್ರವಗಳಲ್ಲಿ, ಆವಿಗಳಲ್ಲಿ, ಮಂಜುಗಡ್ಡೆಯಲ್ಲೂ ನೋಡಿದ್ದಾರೆ.

ಕೊನೆಗೆ ಬಿಸಿಲಿನ ಬದಲು ಪಾದರಸದ ಆರ್ಕ್ ದೀಪ. 4358 ಆಂಗ್‌ಸ್ಟ್ರಾಮ್‌ನ ರೇಖೆಗಿಂತ ಉದ್ದದ ಅಲೆಗಳನ್ನು ಫಿಲ್ಟರ್‌ನಿಂದ ತಡೆದರೂ, ಚದುರಿದ ಬೆಳಕಿನ ರೋಹಿತದಲ್ಲಿ ನೀಲಿ-ಹಸಿರು ಭಾಗದಲ್ಲಿ ಚೂಪಾದ ಹೊಸ ರೇಖೆಗಳು ಕಂಡವು. ಚಿತ್ರಗಳ ಪುಟವನ್ನು ದಯವಿಟ್ಟು ಜೂಮ್ ಮಾಡಿ ನೋಡಿ. ಮಂಕಾಗಿವೆ, ಆದರೆ ಇವೆ. ಇಡೀ ವಾದ ನಿಲ್ಲುವುದು ಈ ರೇಖೆಗಳ ಮೇಲೆ ಅಂತ ನನಗನ್ನಿಸುತ್ತದೆ. ಒಳಬಂದ ಕ್ವಾಂಟಮ್‌ನಲ್ಲಿ ಒಂದು ಪಾಲನ್ನು ಅಣು ಇಟ್ಟುಕೊಳ್ಳುತ್ತದೆ, ಉಳಿದದ್ದು ಹೊರಬೀಳುತ್ತದೆ. ಹಾಗಾಗಿ ಅಣುಗಳ ಇನ್‌ಫ್ರಾರೆಡ್ ರೋಹಿತ ತಿಳಿಯಲು ಇದು ಹೊಸ ದಾರಿ ಅನ್ನುತ್ತಾರೆ ರಾಮನ್.

ಮೊದಲ ಪ್ರಶ್ನೆ ಇಲ್ಲೇ ಹುಟ್ಟಿದ್ದು. ಬೆಂಜೀನ್‌ನ ರಾಮನ್ ರೋಹಿತದಲ್ಲಿ ಎದ್ದುಕಾಣುವ ರೇಖೆ 992 cm⁻¹, ಇಡೀ ಉಂಗುರ ಹಿಗ್ಗಿ ಕುಗ್ಗುವ ಕಂಪನ. ಆದರೆ ಬೆಂಜೀನ್‌ಗೆ ಸಮಮಿತಿಯ ಕೇಂದ್ರ ಇರುವುದರಿಂದ ಈ ಕಂಪನ ಇನ್‌ಫ್ರಾರೆಡ್‌ನಲ್ಲಿ ಹೀರಿಕೆ ತೋರಿಸುವುದಿಲ್ಲ ಅಂತ ನೀವೇ ಗ್ರೂಪ್ ಥಿಯರಿ ಕ್ಲಾಸಿನಲ್ಲಿ ಹೇಳಿದ್ದಿರಿ. ಹಾಗಾದರೆ ನೇರವಾಗಿ ಕೊಟ್ಟಾಗ ಅಣು ತೆಗೆದುಕೊಳ್ಳದ ಶಕ್ತಿಯನ್ನು ದೊಡ್ಡ ಕ್ವಾಂಟಮ್‌ನಿಂದ ಹೇಗೆ ತೆಗೆದುಕೊಳ್ಳುತ್ತದೆ? ಡೈಪೋಲ್ ಬದಲಾವಣೆ, ಪೋಲರೈಸಬಿಲಿಟಿ ಬದಲಾವಣೆ ಅನ್ನುವ ಉತ್ತರ ಗೊತ್ತು. ನನಗೆ ಬೇಕಿರುವುದು ಇಷ್ಟು: ‘ಒಂದು ಪಾಲು ಹೀರುತ್ತದೆ’ ಅನ್ನುವ ರಾಮನ್ ಅವರ ಚಿತ್ರವನ್ನು ಇಟ್ಟುಕೊಂಡೇ ಇದನ್ನು ವಿವರಿಸಬಹುದಾ, ಇಲ್ಲಾ ಆ ಚಿತ್ರವನ್ನೇ ಬಿಡಬೇಕಾ?

ಎರಡನೆಯದು ಗ್ಲಿಸರಿನ್ ಬಗ್ಗೆ. ಬೆಳಕು ಪೋಲರೈಸ್ ಆಗಿದೆ, ಆದ್ದರಿಂದ ಫ್ಲೋರೆಸೆನ್ಸ್ ಅಲ್ಲ ಅನ್ನುವುದು ಇಲ್ಲಿ ಮುಖ್ಯ ವಾದ. ಆದರೆ ಗ್ಲಿಸರಿನ್ ಬಹಳ ಮಂದ ದ್ರವ. ಅದರಲ್ಲಿ ಅಣು ಅಷ್ಟು ಬೇಗ ತಿರುಗಲಾರದು. ತಿರುಗುವ ಮೊದಲೇ ಬೆಳಕು ಹೊರಬಿದ್ದರೆ ಫ್ಲೋರೆಸೆನ್ಸ್ ಕೂಡ ಪೋಲರೈಸ್ ಆಗಿರುತ್ತದೆ, ಅಲ್ವಾ ಮೇಡಂ? ಪೆರಿನ್ ಅವರು 1926ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದರು. ಹಾಗಾದರೆ ಗ್ಲಿಸರಿನ್ ಒಂದರಿಂದಲೇ ಈ ತೀರ್ಮಾನಕ್ಕೆ ಬರಲು ಆಗುವುದಿಲ್ಲ ಅನ್ನಿಸುತ್ತದೆ. ತೆಳುವಾದ ದ್ರವಗಳಲ್ಲಿ, ಆವಿಗಳಲ್ಲಿ ಕಂಡ ಪೋಲರೈಸೇಷನ್‌ಗೇ ಜಾಸ್ತಿ ತೂಕ ಕೊಡಬೇಕಾ?

ಸೆಮಿನಾರಿನಲ್ಲಿ ನಾನು ಫಿಲ್ಟರ್ ಪ್ರಯೋಗವನ್ನು ಮಾಡಿಯೇ ತೋರಿಸಬೇಕು ಅಂತಿದ್ದೇನೆ. ಗ್ಲಿಸರಿನ್ ವಿಷಯವನ್ನು ಹೇಗೆ ಹೇಳಬೇಕು ಅನ್ನುವುದು ನಿಮ್ಮ ಉತ್ತರದ ಮೇಲೆ ನಿಂತಿದೆ. ಸೋಮವಾರ ಲ್ಯಾಬ್ ಮುಗಿದ ಮೇಲೆ ನಿಮ್ಮ ಕೊಠಡಿಗೆ ಬರಬಹುದಾ? ಸಂಪುಟವನ್ನು ಅಲ್ಲಿಯವರೆಗೆ ನನಗಾಗಿ ಎತ್ತಿಡಲು ಲೈಬ್ರರಿಯವರು ಒಪ್ಪಿದ್ದಾರೆ. ಫೋಟೋದಲ್ಲಿ ಯಾವ ಸಾಲು ಸರಿಯಾಗಿ ಕಾಣದಿದ್ದರೂ ತಿಳಿಸಿ, ನೋಡಿ ಬರೆದು ಕಳಿಸುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಚೈತ್ರಾ
ಎಂ.ಎಸ್ಸಿ. ಭೌತಶಾಸ್ತ್ರ, ಮೂರನೇ ಸೆಮಿಸ್ಟರ್
ಬೆಂಗಳೂರು