ಇನ್ಸುಲಿನ್ ಮತ್ತು ಊಟಕ್ಕೆ ನಿಗದಿತ ಸಮಯ ಕೋರಿ ಮನವಿ

ದಿನಾಂಕ: 12-01-2026
ಬೆಂಗಳೂರು

ಇವರಿಂದ:
ಮಂಜುನಾಥ ಎಚ್. ಎಸ್.
ಸಿಎನ್‌ಸಿ ಆಪರೇಟರ್, ಟರ್ನಿಂಗ್ ವಿಭಾಗ
ಟೋಕನ್ ಸಂಖ್ಯೆ 317

ಇವರಿಗೆ:
ಕಾರ್ಖಾನೆ ವ್ಯವಸ್ಥಾಪಕರು
ಪೀಣ್ಯ ಘಟಕ

ಮಾನ್ಯರೇ,

ವಿಷಯ: ಕೆಲಸದ ವೇಳೆಯಲ್ಲಿ ಇನ್ಸುಲಿನ್ ಮತ್ತು ಆಹಾರಕ್ಕೆ ನಿಗದಿತ ವಿರಾಮ ನೀಡುವ ಬಗ್ಗೆ

ನಾನು ಹನ್ನೊಂದು ವರ್ಷಗಳಿಂದ ಈ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ. ನನಗೆ ಸಕ್ಕರೆ ಕಾಯಿಲೆ ಇರುವುದು ತಮಗೆ ಗೊತ್ತಿದೆ. ಇಲ್ಲಿಯವರೆಗೆ ಮಾತ್ರೆಯಲ್ಲೇ ಹತೋಟಿಗೆ ಬರುತ್ತಿತ್ತು. ಈಗ ಅದು ಸಾಲದೆ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ವೈದ್ಯರು ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಶುರು ಮಾಡಿದ್ದಾರೆ. ಅವರ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ.

ನನಗೆ ಕೊಟ್ಟಿರುವುದು 30/70 ಮಿಶ್ರಣದ ಇನ್ಸುಲಿನ್. ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ಚುಚ್ಚಿಕೊಳ್ಳಬೇಕು. ಅದರಲ್ಲಿ 30 ಭಾಗ ಬೇಗ ಕೆಲಸ ಮಾಡುತ್ತದೆ, ಉಳಿದ 70 ಭಾಗ ನಿಧಾನವಾಗಿ ಶುರುವಾಗಿ ಹಲವು ಗಂಟೆ ಎಳೆಯುತ್ತದೆ. ಮಾತ್ರೆಯಂತೆ "ಆಮೇಲೆ ನೋಡೋಣ" ಅನ್ನಲು ಬರುವುದಿಲ್ಲ. ಒಮ್ಮೆ ಒಳಗೆ ಹೋದ ಇನ್ಸುಲಿನ್ ಊಟ ಬಂತೋ ಇಲ್ಲವೋ ನೋಡದೆ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಆದ್ದರಿಂದ ನಾನು ಕೇಳುತ್ತಿರುವುದು ಹೆಚ್ಚು ಬಿಡುವನ್ನಲ್ಲ, ಆಚೀಚೆ ಆಗದ ಬಿಡುವನ್ನು.

ಮೊದಲ ಶಿಫ್ಟ್‌ನಲ್ಲಿ ನಮ್ಮ ತಿಂಡಿ ವಿರಾಮ ಬ್ಯಾಚ್ ಪ್ರಕಾರ 9ರಿಂದ 11 ಗಂಟೆಯೊಳಗೆ ಬರುತ್ತದೆ. ರಿಲೀವರ್ ಇದ್ದರೆ 9ಕ್ಕೆ, ಇಲ್ಲದಿದ್ದರೆ 10ಕ್ಕೆ ಅಥವಾ 11ಕ್ಕೆ. ಐದು ಗಂಟೆಯೊಳಗೆ ಅರ್ಧ ಗಂಟೆ ವಿಶ್ರಾಂತಿ ಎಂಬ ನಿಯಮ ಇದರಲ್ಲಿ ಎಲ್ಲೂ ತಪ್ಪಿಲ್ಲ, ಅದರ ಬಗ್ಗೆ ನನ್ನ ದೂರೂ ಇಲ್ಲ. ಆದರೆ ಆ ಎರಡು ಗಂಟೆಯ ಅಂತರದಲ್ಲೇ ನನ್ನ ಅಪಾಯ ಇದೆ. ಕಳೆದ ತಿಂಗಳು 9ರ ಬ್ಯಾಚ್ ಎಂದು ಹೇಳಿದ್ದಕ್ಕೆ 8.30ಕ್ಕೆ ಇನ್ಸುಲಿನ್ ತೆಗೆದುಕೊಂಡೆ. ತುರ್ತು ಆರ್ಡರ್ ಬಂದು ನಮ್ಮ ಬ್ಯಾಚ್ ಹಿಂದಕ್ಕೆ ಹೋಯಿತು. ಟೂಲ್ ಆಫ್‌ಸೆಟ್ ಹಾಕುತ್ತಿರುವಾಗ ಕೈ ನಡುಗಿ, ಮೈಯೆಲ್ಲ ಬೆವರಿ, ಪರದೆಯ ಮೇಲಿನ ಅಂಕಿ ಎರಡೆರಡಾಗಿ ಕಂಡಿತು. ಮಷೀನ್ ನಿಲ್ಲಿಸಿ ಕೂತುಬಿಟ್ಟೆ. ಪಕ್ಕದ ಮಷೀನಿನ ರಾಜಣ್ಣ ಸಕ್ಕರೆ ನೀರು ಕುಡಿಸಿದರು. ಸಾವಿರ ಆರ್‌ಪಿಎಂನಲ್ಲಿ ತಿರುಗುವ ಚಕ್‌ನ ಮುಂದೆ ಒಂದು ದಶಮಾಂಶ ಚುಕ್ಕೆ ತಪ್ಪಿದರೆ ಏನಾಗುತ್ತದೆ ಎಂದು ತಮಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ಮೊದಲ ಶಿಫ್ಟ್‌ನಲ್ಲಿ (6.30ರಿಂದ 2.30) ಬೆಳಿಗ್ಗೆ 8.30ಕ್ಕೆ ಇನ್ಸುಲಿನ್‌ಗೆ ಐದು ನಿಮಿಷ, 9ರಿಂದ 9.30 ತಿಂಡಿ ವಿರಾಮ, 12ಕ್ಕೆ ಈಗಿರುವ ಟೀ ವಿರಾಮ, ಈ ಮೂರೂ ನನಗೆ ಖಾಯಂ ಆಗಿ ಸಿಗಬೇಕೆಂದು ಕೋರುತ್ತೇನೆ. ಟೀ ಹೊತ್ತಿನಲ್ಲಿ ಒಂದು ಹಿಡಿ ಹುರಿಗಡಲೆಯೋ ಒಂದು ಚಪಾತಿಯೋ ತಿಂದರೆ ಮಧ್ಯಾಹ್ನದ ಊಟದವರೆಗೆ ಸಕ್ಕರೆ ಕುಸಿಯುವುದಿಲ್ಲ. ಎರಡನೇ ಶಿಫ್ಟ್‌ನಲ್ಲಿ ಸಂಜೆ 7ಕ್ಕೆ ಇನ್ಸುಲಿನ್, 7.30ಕ್ಕೆ ಊಟ. ಅದಕ್ಕೂ ಮುಂಚೆ 5 ಗಂಟೆಯ ಟೀ ವಿರಾಮ ಬಿಟ್ಟುಹೋಗಬಾರದು. ಮೂರನೇ ಶಿಫ್ಟ್‌ನಲ್ಲಿ ಎರಡು ಡೋಸೂ ಮನೆಯಲ್ಲೇ ಆಗುತ್ತದೆ, ನಡುರಾತ್ರಿಯ ವಿರಾಮ 1.30ಕ್ಕೆ ಸಿಕ್ಕರೆ ಸಾಕು. ಲೆಕ್ಕ ಹಾಕಿದರೆ ಕಂಪನಿಯಿಂದ ಹೊಸದಾಗಿ ಹೋಗುವುದು ಆ ಐದು ನಿಮಿಷ ಮಾತ್ರ. ಆ ಹೊತ್ತಿಗೆ ನನ್ನ ಮಷೀನ್ ನೋಡಿಕೊಳ್ಳಲು ರಾಜಣ್ಣ ಒಪ್ಪಿದ್ದಾರೆ. ಅವರ ವಿರಾಮದಲ್ಲಿ ನಾನು ಅವರದ್ದು ನೋಡಿಕೊಳ್ಳುತ್ತೇನೆ.

ಓಟಿ ವಿಷಯ ಬೇರೆಯಾಗಿ ಹೇಳಬೇಕು. ಮೊದಲ ಶಿಫ್ಟ್ ಮುಗಿದು 2.30ಕ್ಕೆ "ಇನ್ನೆರಡು ಗಂಟೆ ನಿಲ್ಲಿ" ಎಂದಾಗ ನಾನು ಇಲ್ಲ ಅನ್ನುವವನಲ್ಲ. ಇನ್ನು ಮುಂದೆಯೂ ನಿಲ್ಲುತ್ತೇನೆ. ಮೊದಲು ಕ್ಯಾಂಟೀನಿನಲ್ಲಿ ಊಟ, ಆಮೇಲೆ ಓಟಿ ಎಂದಾಗಲಿ.

ಚುಚ್ಚಿಕೊಳ್ಳಲು ಶೌಚಾಲಯ ಯೋಗ್ಯವಲ್ಲ, ಕೂಲಂಟ್ ಸಿಡಿಯುವ ಮಷೀನ್ ಪಕ್ಕವೂ ಅಲ್ಲ. ಪ್ರಥಮ ಚಿಕಿತ್ಸೆ ಕೋಣೆಯಲ್ಲಿ ಕೈ ತೊಳೆಯುವ ಬೇಸಿನ್ ಮತ್ತು ಬಾಗಿಲು ಎರಡೂ ಇವೆ, ಅಲ್ಲಿಗೆ ಹೋಗಲು ಅನುಮತಿ ಬೇಕು. ಬಳಸುತ್ತಿರುವ ಸೀಸೆ ಹೆಚ್ಚು ಬಿಸಿಯಿಲ್ಲದ ಜಾಗದಲ್ಲಿ ನಾಲ್ಕು ವಾರ ಹೊರಗೆ ಇರಬಹುದು, ಆದರೆ ಮಾರ್ಚ್ ಬಂದ ಮೇಲೆ ಶೀಟಿನ ಚಾವಣಿಯ ಕೆಳಗೆ ನಮ್ಮ ಲಾಕರುಗಳು ಎಷ್ಟು ಕಾಯುತ್ತವೆ ಎಂದು ಎಲ್ಲರಿಗೂ ಗೊತ್ತು. ಕ್ಯಾಂಟೀನ್ ಫ್ರಿಜ್‌ನಲ್ಲಿ, ಫ್ರೀಜರ್ ಅಲ್ಲದ ಕಡೆ, ಹೆಸರು ಬರೆದ ಒಂದು ಸಣ್ಣ ಡಬ್ಬಿಗೆ ಜಾಗ ಕೊಡಿ. ಬಳಸಿದ ಸಿರಿಂಜನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ನಾನೇ ಒಯ್ಯುತ್ತೇನೆ. ಕಸ ಗುಡಿಸುವ ಅಮ್ಮಂದಿರ ಕೈಗೆ ಒಂದು ಸೂಜಿಯೂ ಸಿಗಬಾರದು.

ಎಷ್ಟು ಜಾಗ್ರತೆ ಮಾಡಿದರೂ ಕೆಲವೊಮ್ಮೆ ಸಕ್ಕರೆ ಇಳಿಯಬಹುದು. ಗ್ಲುಕೋಮೀಟರ್ ಜೇಬಿನಲ್ಲೇ ಇರುತ್ತದೆ. 70ಕ್ಕಿಂತ ಕೆಳಗೆ ಬಂದರೆ ಮಷೀನ್ ನಿಲ್ಲಿಸಿ, ಸೂಪರ್‌ವೈಸರ್‌ಗೆ ಹೇಳಿ, ಮೂರು ಚಮಚ ಸಕ್ಕರೆ ಅಥವಾ ಅಷ್ಟೇ ಗ್ಲುಕೋಸ್ ತೆಗೆದುಕೊಂಡು ಹದಿನೈದು ನಿಮಿಷ ಕೂತು ಮತ್ತೆ ಪರೀಕ್ಷಿಸಬೇಕು. ಸರಿಹೋಗದಿದ್ದರೆ ಇನ್ನೊಮ್ಮೆ ಹಾಗೆಯೇ. ಈ ಹೊತ್ತನ್ನು ಐಡಲ್ ಟೈಮ್ ಎಂದು ಬರೆದು ಇನ್ಸೆಂಟಿವ್‌ನಿಂದ ಕಳೆಯಬಾರದೆಂದು ವಿನಂತಿ. ನಾನು ತೊದಲಿದರೆ ಅಥವಾ ಕಾರಣವಿಲ್ಲದೆ ರೇಗಿದರೆ ಅದು ಕಾಯಿಲೆಯದ್ದೇ ಎಂದು ತಿಳಿದು ಸಿಹಿ ಕೊಡಲಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ನೀರನ್ನೂ ಹಾಕಬಾರದು, ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಇಷ್ಟನ್ನು ಮೂರೂ ಶಿಫ್ಟ್‌ನ ಸೂಪರ್‌ವೈಸರುಗಳಿಗೆ ಮತ್ತು ಪ್ರಥಮ ಚಿಕಿತ್ಸೆ ತರಬೇತಿ ಪಡೆದವರಿಗೆ ತಿಳಿಸಿದರೆ ಸಾಕು. ನೋಟಿಸ್ ಬೋರ್ಡಿಗೆ ಹಾಕುವುದು ಬೇಡ.

ಇದನ್ನೆಲ್ಲ ಓದಿ, "ಇವರನ್ನು ಮಷೀನಿನಿಂದ ತೆಗೆದು ಪ್ಯಾಕಿಂಗ್‌ಗೆ ಹಾಕೋಣ" ಎಂದು ಯಾರಿಗಾದರೂ ಅನ್ನಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ನನಗೆ ಬರುವ ಕೆಲಸ ಇದು, ಇದರಲ್ಲಿ ನನಗೆ ಹೆಮ್ಮೆ ಇದೆ, ಇದರ ಇನ್ಸೆಂಟಿವ್‌ನಲ್ಲೇ ಮಗಳ ಡಿಪ್ಲೊಮಾ ಫೀಸು ನಡೆಯುತ್ತಿದೆ. ಹೊತ್ತಿಗೆ ಸರಿಯಾಗಿ ಊಟ ಸಿಕ್ಕರೆ ನಾನು ಮೊದಲಿನಂತೆಯೇ ಕೆಲಸ ಮಾಡಬಲ್ಲೆ. ವೈದ್ಯರೂ ತಮ್ಮ ಪತ್ರದಲ್ಲಿ ಇದನ್ನೇ ಬರೆದಿದ್ದಾರೆ.

ಮುಂದಿನ ಸೋಮವಾರ, 19ನೇ ತಾರೀಖಿನಿಂದ ನನ್ನದು ಮತ್ತೆ ಮೊದಲ ಶಿಫ್ಟ್. ಅಷ್ಟರೊಳಗೆ ತಮ್ಮ ಒಪ್ಪಿಗೆಯನ್ನು ಲಿಖಿತವಾಗಿ ಕೊಟ್ಟರೆ ಪ್ರತಿ ಶಿಫ್ಟ್‌ನಲ್ಲೂ ಹೊಸದಾಗಿ ವಿವರಿಸುವ ಪರಿಸ್ಥಿತಿ ತಪ್ಪುತ್ತದೆ. ಬೇಕಿದ್ದರೆ ಒಂದು ತಿಂಗಳು ನಡೆಸಿ, ಉತ್ಪಾದನೆಯ ಲೆಕ್ಕ ನೋಡಿ ಮತ್ತೆ ಮಾತಾಡೋಣ. ಈ ಬಗ್ಗೆ ಕೇಳುವುದಿದ್ದರೆ ತಾವು ಕರೆದ ಹೊತ್ತಿಗೆ ಬಂದು ಭೇಟಿಯಾಗುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಮಂಜುನಾಥ ಎಚ್. ಎಸ್.

ಲಗತ್ತು: ವೈದ್ಯರ ಪತ್ರ, ಔಷಧಿ ಚೀಟಿಯ ನಕಲು
ಪ್ರತಿ: ಮಾನವ ಸಂಪನ್ಮೂಲ ವಿಭಾಗ