712ನೇ ರೂಮಿನ ಬಾಗಿಲ ಹಿಂದಿನ ನಕ್ಷೆ ಮತ್ತು ನೋಟಿಸು, ಕನ್ನಡದಲ್ಲಿ

ದೊಡ್ಡಪ್ಪ, ನೀವು ಒಸಾಕಾದಿಂದ ಕಳಿಸಿದ ಎರಡೂ ಫೋಟೋ ಬಂದಿವೆ. ಬಾಗಿಲ ಹಿಂದೆ ಅಂಟಿಸಿರುವುದು ಬೆಂಕಿ ಬಿದ್ದಾಗ ಹೊರಗೆ ಹೋಗುವ ದಾರಿ. ಮೊದಲು ದಾರಿ ಬರೆದಿದ್ದೇನೆ, ಆಮೇಲೆ ನೋಟಿಸು. ನೋಟಿಸಿನ ನಡುವೆ ಕಂಸದಲ್ಲಿ ಇರುವುದು ನನ್ನ ಮಾತು. ದೊಡ್ಡಮ್ಮನಿಗೂ ಒಮ್ಮೆ ಓದಿ ಹೇಳಿ.

ನಕ್ಷೆ: 7ನೇ ಮಹಡಿ

ಕೆಂಪು ಚುಕ್ಕೆ ಇರುವುದು ನಿಮ್ಮ ರೂಮು. ನಕ್ಷೆಯ ಮೇಲ್ಭಾಗ ಅಂದರೆ ಬಾಗಿಲಾಚೆಯ ಕಾರಿಡಾರ್. ಹಾಗಾಗಿ ಬಾಗಿಲಿಗೆ ಮುಖ ಮಾಡಿ ನಿಂತರೆ ನಕ್ಷೆಯ ಎಡ ನಿಮ್ಮ ಎಡಗೈ ಕಡೆಗೇ ಬರುತ್ತದೆ. ಫೋಟೋ ಮೊಬೈಲಲ್ಲಿ ಅಡ್ಡ ತಿರುಗಿದೆ, ಅದನ್ನು ನೋಡಿ ಗೊಂದಲ ಮಾಡಿಕೊಳ್ಳಬೇಡಿ.

ಮೊದಲನೇ ದಾರಿ, ದಪ್ಪ ಹಸಿರು ಬಾಣ: ರೂಮಿನಿಂದ ಹೊರಗೆ ಬಂದ ಕೂಡಲೇ ಎಡಕ್ಕೆ ತಿರುಗಿ. ಎಡಗೈ ಗೋಡೆ ಮೇಲೆ ಇರಲಿ. 711, 710, 709, ಮೂರು ಬಾಗಿಲು ಕೈಗೆ ಸಿಗುತ್ತವೆ. ಮೂರನೆಯದು ದಾಟಿದರೆ ಕಾರಿಡಾರ್ ಮುಗಿಯುತ್ತದೆ. ಎದುರಿಗಿರುವ ಕಬ್ಬಿಣದ ಬಾಗಿಲೇ ‘ಎ’ ಮೆಟ್ಟಿಲು. ಅದು ಕಟ್ಟಡದ ಹೊರಗಿನ ಮೆಟ್ಟಿಲು, ಹೊಗೆ ತುಂಬಿಕೊಳ್ಳುವ ಭಯ ಕಡಿಮೆ.

ಎರಡನೇ ದಾರಿ, ತೆಳು ಹಸಿರು ಬಾಣ: ಎಡಗಡೆ ಹೊಗೆಯೋ ಬೆಂಕಿಯೋ ಇದ್ದರೆ ಮಾತ್ರ. ಬಲಕ್ಕೆ ತಿರುಗಿ, ಬಲಗೈ ಗೋಡೆಗೆ. 713, 714 ದಾಟಿ, ಎಡಗಡೆಯ ಲಿಫ್ಟ್ ಮುಂದೆ ನಿಲ್ಲದೆ ಹೋಗಿ. ಕೂಲ್‌ಡ್ರಿಂಕ್ಸ್ ಮೆಷಿನ್ ಆದ ಮೇಲೆ ಕಾರಿಡಾರ್ ಬಲಕ್ಕೆ ತಿರುಗುತ್ತದೆ. ಆ ತಿರುವಿನಲ್ಲೇ ‘ಬಿ’ ಮೆಟ್ಟಿಲು, ಇದು ಕಟ್ಟಡದ ಒಳಗಿನದು.

ಒಂದು ಮಾತು ಇಲ್ಲೇ ಹೇಳಬೇಕು. ನೀವು ದಿನಾ ಓಡಾಡುವುದು ಲಿಫ್ಟ್ ಕಡೆಯಿಂದ, ಅಂದರೆ ಬಲಗಡೆಯಿಂದ. ಗಾಬರಿಯಲ್ಲಿ ಕಾಲು ಬಂದ ದಾರಿಯನ್ನೇ ಹಿಡಿಯುತ್ತದೆ, ಅಲ್ವಾ? ಆದರೆ ನಿಮಗೆ ಹತ್ತಿರದ ದಾರಿ ಎಡಗಡೆ. ಇವತ್ತು ಊಟಕ್ಕೆ ಹೋಗುವ ಮುಂಚೆ ಇಬ್ಬರೂ ಸುಮ್ನೆ ಎಡಗಡೆ ಆ ಬಾಗಿಲ ತನಕ ಹೋಗಿ ಬನ್ನಿ.

ಎರಡನೇ ಫೋಟೋದಲ್ಲಿರುವುದು ಅದೇ ಕಬ್ಬಿಣದ ಬಾಗಿಲು. ಹಿಡಿಯ ಮೇಲಿನ ಚಿಲಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ ಇದೆಯಲ್ಲ, ಅದರ ಮೇಲೆ ಬರೆದಿರುವುದು: “ತುರ್ತು ಸಮಯದಲ್ಲಿ ಮುಚ್ಚಳ ಒಡೆದು ಚಿಲಕ ತಿರುಗಿಸಿ. ಬಾಗಿಲು ಹೊರಕ್ಕೆ ತೆರೆಯುತ್ತದೆ.” ಬೀಗ ಹಾಕಿದ್ದಾರೆ ಅಂದುಕೊಂಡು ವಾಪಸ್ ಬರಬೇಡಿ. ಮುಚ್ಚಳ ಒಡೆಯಿರಿ, ತಿರುಗಿಸಿ, ತಳ್ಳಿ. ಈಗ ನೋಡಲು ಹೋದಾಗ ಮಾತ್ರ ಮುಟ್ಟಬೇಡಿ, ಅಲಾರಂ ಹೊಡೆದುಕೊಳ್ಳಬಹುದು.

ಮೆಟ್ಟಿಲು ಇಳಿಯುವಾಗ ಗೋಡೆ ಮೇಲಿನ ಅಂಕಿ ನೋಡುತ್ತಾ ಇಳಿಯಿರಿ. ಜಪಾನಿನಲ್ಲಿ ನೆಲಮಹಡಿಯನ್ನೇ 1 ಅಂತ ಎಣಿಸುತ್ತಾರೆ. ನಮ್ಮ ಹಾಗೆ 1 ಆದ ಮೇಲೆ ಗ್ರೌಂಡ್ ಫ್ಲೋರ್ ಬರುವುದಿಲ್ಲ. 1F ಅಂತ ಕಂಡರೆ ಅದೇ ರಸ್ತೆ ಮಟ್ಟ, ಅಲ್ಲೇ ಹೊರಗೆ ಬನ್ನಿ. ‘ಬಿ’ ಮೆಟ್ಟಿಲು ಇನ್ನೂ ಕೆಳಗೆ B1 ತನಕ ಹೋಗುತ್ತದೆ. ಅದು ನೆಲಮಾಳಿಗೆ, ಕಾರು ನಿಲ್ಲಿಸುವ ಜಾಗ. ಅಲ್ಲಿಗೆ ಇಳಿಯಬೇಡಿ.

ನಕ್ಷೆಯ ಗುರುತುಗಳು

ಓಡುತ್ತಿರುವ ಮನುಷ್ಯನ ದೀಪ ಎರಡು ಥರ ಇದೆ. ಹಸಿರು ಹಿನ್ನೆಲೆಯಲ್ಲಿ ಬಿಳಿ ಚಿತ್ರ ಇದ್ದರೆ ಹೊರಬಾಗಿಲು ಅಲ್ಲೇ ಇದೆ. ಬಿಳಿ ಹಿನ್ನೆಲೆಯಲ್ಲಿ ಹಸಿರು ಬಾಣ ಇದ್ದರೆ ಬಾಗಿಲು ಇನ್ನೂ ಮುಂದಿದೆ, ಬಾಣದ ಕಡೆ ನಡೆಯಿರಿ.

ಕೆಂಪು ವೃತ್ತ: ಬೆಂಕಿ ಆರಿಸುವ ಸಿಲಿಂಡರ್. ನಿಮಗೆ ಹತ್ತಿರದ್ದು 710ರ ಎದುರು.

ಕೆಂಪು ಚೌಕ: ತುರ್ತು ಗಂಟೆಯ ಪೆಟ್ಟಿಗೆ, ಲಿಫ್ಟ್ ಪಕ್ಕ. ಮೇಲೆ ಕೆಂಪು ದೀಪ ಉರಿಯುತ್ತಿರುತ್ತದೆ. ಗುಂಡಿಯ ಮೇಲೆ ‘ಜೋರಾಗಿ ಒತ್ತಿ’ ಅಂತ ಬರೆದಿರುತ್ತದೆ.

ಮುರಿದ ಗೆರೆ: ತಾನಾಗೇ ಮುಚ್ಚಿಕೊಳ್ಳುವ ಬೆಂಕಿ ತಡೆ ಬಾಗಿಲು, 714 ಮತ್ತು ಲಿಫ್ಟ್ ನಡುವೆ. ಎರಡನೇ ದಾರಿಯಲ್ಲಿ ಹೋಗುವಾಗ ಇದು ಮುಚ್ಚಿದ್ದರೆ ದಾರಿ ಬಂದ್ ಅಂತಲ್ಲ. ಅದರಲ್ಲೇ ಒಂದು ಚಿಕ್ಕ ಬಾಗಿಲಿದೆ, ತಳ್ಳಿದರೆ ತೆರೆಯುತ್ತದೆ. ದಾಟಿದ ಮೇಲೆ ಅದು ಮುಚ್ಚಿಕೊಳ್ಳಲಿ, ಏನನ್ನೂ ಅಡ್ಡ ಇಡಬೇಡಿ.

ತಲೆಕೆಳಗಾದ ಕೆಂಪು ತ್ರಿಕೋನ: ಅಗ್ನಿಶಾಮಕ ದಳ ಹೊರಗಿನಿಂದ ಒಳಗೆ ಬರುವ ಕಿಟಕಿ. ನಿಮ್ಮ ರೂಮಿನ ರಸ್ತೆ ಕಡೆ ಕಿಟಕಿಗೆ ಅಂಟಿಸಿರುವುದು ಇದೇ. ಆ ಕಿಟಕಿ ಮುಂದೆ ಸೂಟ್‌ಕೇಸ್ ಪೇರಿಸಬೇಡಿ.

ನೋಟಿಸು

ಮಾನ್ಯ ಅತಿಥಿಗಳೇ,

ರೂಮಿಗೆ ಬಂದ ತಕ್ಷಣ ನಕ್ಷೆ ನೋಡಿ, ಎರಡೂ ಕಡೆಯ ಮೆಟ್ಟಿಲು ಎಲ್ಲಿವೆ ಎಂದು ಖಚಿತ ಮಾಡಿಕೊಳ್ಳಿ.

ಹಾಸಿಗೆಯಲ್ಲಿ ಸಿಗರೇಟು ಸೇದುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ. (ಇದೊಂದೇ ಸಾಲು ಕೆಂಪಕ್ಷರದಲ್ಲಿದೆ, ಸುಮ್ಮನೆ ಅಲ್ಲ. 1982ರ ಫೆಬ್ರವರಿಯಲ್ಲಿ ಟೋಕಿಯೋದ ಹೋಟೆಲ್ ನ್ಯೂ ಜಪಾನ್‌ನಲ್ಲಿ ಹಾಸಿಗೆಯಲ್ಲಿ ಸೇದಿದ ಸಿಗರೇಟಿನಿಂದ ಬೆಂಕಿ ಹತ್ತಿ 33 ಜನ ಸತ್ತರು.)

ಬೆಂಕಿ ಕಂಡರೆ “ಬೆಂಕಿ” ಎಂದು ಕೂಗಿ ಅಕ್ಕಪಕ್ಕದವರಿಗೆ ತಿಳಿಸಿ. ರೂಮಿನ ಫೋನಿನಿಂದ 9 ಒತ್ತಿ ಫ್ರಂಟ್ ಡೆಸ್ಕಿಗೆ ತಿಳಿಸಿ. (ಜಪಾನೀ ಭಾಷೆಯಲ್ಲಿ ಕೂಗುವುದಾದರೆ “ಕಾಜಿ ದೆಸ್!” ಸ್ಪೀಕರಿನಲ್ಲಿ ಈ ಮಾತು ಕೇಳಿದರೂ ಏಳಬೇಕು. ಮೊಬೈಲಿನಿಂದ ಅಗ್ನಿಶಾಮಕ ದಳಕ್ಕೆ 119, ಆಂಬುಲೆನ್ಸಿಗೂ ಅದೇ. 110 ಪೊಲೀಸರದ್ದು.)

ಬೆಂಕಿ ಚಿಕ್ಕದಿದ್ದರೆ ಮಾತ್ರ ಸಿಲಿಂಡರ್ ಬಳಸಿ: ಹಳದಿ ಪಿನ್ ಎಳೆಯಿರಿ, ಪೈಪನ್ನು ಬೆಂಕಿಯ ಬುಡಕ್ಕೆ ಹಿಡಿಯಿರಿ, ಹಿಡಿಯನ್ನು ಬಲವಾಗಿ ಒತ್ತಿ. ಜ್ವಾಲೆ ಚಾವಣಿ ಮುಟ್ಟಿದರೆ ಬಿಟ್ಟು ಹೊರಡಿ. (ನೀವು ಚಿಕ್ಕದಿದ್ದರೂ ಬಿಟ್ಟು ಹೊರಡಿ ದೊಡ್ಡಪ್ಪ.)

ಲಿಫ್ಟ್ ಬಳಸಬೇಡಿ.

ಬಾಗಿಲು ತೆರೆಯುವ ಮುಂಚೆ ಕೈಯ ಹಿಂಭಾಗದಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ ತೆರೆಯಬೇಡಿ. ಹೊರಗೆ ಹೋಗುವಾಗ ರೂಮಿನ ಕೀ ಜೊತೆಗಿರಲಿ, ಬಾಗಿಲು ಮುಚ್ಚಿ. (ಬಾಗಿಲು ತಾನಾಗೇ ಲಾಕ್ ಆಗುತ್ತದೆ. ಕಾರಿಡಾರಿನಲ್ಲಿ ಎರಡೂ ಕಡೆ ಹೊಗೆ ಇದ್ದರೆ ರೂಮಿಗೇ ವಾಪಸ್ ಬರಬೇಕಾಗುತ್ತದೆ, ಆಗ ಕೀ ಬೇಕೇ ಬೇಕು. ರಾತ್ರಿ ಕೀ ಮತ್ತು ಕನ್ನಡಕ ಒಂದೇ ಕಡೆ ಇಡಿ.)

ಒದ್ದೆ ಟವೆಲ್‌ನಿಂದ ಮೂಗು ಬಾಯಿ ಮುಚ್ಚಿಕೊಂಡು, ಬಗ್ಗಿ, ಗೋಡೆ ಹಿಡಿದು ನಡೆಯಿರಿ. (ಹೊಗೆ ಅಡ್ಡಕ್ಕೆ ಸೆಕೆಂಡಿಗೆ ಅರ್ಧದಿಂದ 1 ಮೀಟರ್ ಹರಡಿದರೆ, ಮೇಲಕ್ಕೆ 3ರಿಂದ 5 ಮೀಟರ್ ಏರುತ್ತದೆ. ಹಾಗಾಗಿ ಮೇಲಿನ ಮಹಡಿಗೆ ಓಡಬಾರದು, ಇಳಿಯಲೇಬೇಕು.)

ಟಾರ್ಚ್ ಹಾಸಿಗೆಯ ಪಕ್ಕದ ಗೋಡೆಯಲ್ಲಿದೆ. ಸ್ಟ್ಯಾಂಡಿನಿಂದ ಎಳೆದರೆ ತಾನಾಗೇ ಹತ್ತುತ್ತದೆ.

ಹೊರಗೆ ಹೋಗಲು ಆಗದಿದ್ದರೆ ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ಫ್ರಂಟ್ ಡೆಸ್ಕಿಗೆ ರೂಮ್ ನಂಬರ್ ತಿಳಿಸಿ, ಕಿಟಕಿಯ ಬಳಿ ಬಟ್ಟೆ ಬೀಸಿ ಸಹಾಯಕ್ಕೆ ಕಾಯಿರಿ. (ತ್ರಿಕೋನದ ಕಿಟಕಿ ಹತ್ತಿರ ನಿಲ್ಲಿ.)

ಸಾಮಾನು ತರಲು ವಾಪಸ್ ಹೋಗಬೇಡಿ. ಹೊರಗೆ ಬಂದವರು ಹೋಟೆಲ್ ಎದುರಿನ ಪಾರ್ಕಿನಲ್ಲಿ ಸೇರಿ, ಸಿಬ್ಬಂದಿಗೆ ಹೆಸರು ಮತ್ತು ರೂಮ್ ನಂಬರ್ ಹೇಳಿ. (‘ಎ’ ಮೆಟ್ಟಿಲು ಹೋಟೆಲಿನ ಹಿಂಭಾಗಕ್ಕೆ ಇಳಿಯುತ್ತದೆ. ಕಟ್ಟಡದ ಪಕ್ಕದ ಓಣಿಯಲ್ಲಿ ಸುತ್ತಿಕೊಂಡು ಮುಂದಿನ ರಸ್ತೆಗೆ ಬನ್ನಿ. ಇಬ್ಬರೂ ಬೇರೆಯಾದರೆ ಪಾರ್ಕಿನಲ್ಲೇ ಸಿಗುವುದು ಅಂತ ಈಗಲೇ ಮಾತಾಡಿಕೊಳ್ಳಿ.)

ಓಡಾಡಲು ಸಹಾಯ ಬೇಕಾದ ಅತಿಥಿಗಳು ಮೊದಲೇ ಫ್ರಂಟ್ ಡೆಸ್ಕಿಗೆ ತಿಳಿಸಬೇಕಾಗಿ ವಿನಂತಿ. (ದೊಡ್ಡಮ್ಮನ ಮಂಡಿ ನೋವಿಗೆ ಇದು ಬೇಕಾದ್ದೇ. ಆರು ಮಹಡಿ ಇಳಿಯುವುದು ಅವರಿಗೆ ಕಷ್ಟ. ಕೆಳಗಿನ ರೂಮು ಖಾಲಿ ಇದ್ದರೆ ಕೊಡಿ ಅಂತ ಜಪಾನೀ ಭಾಷೆಯಲ್ಲಿ ಒಂದು ಸಾಲು ಬರೆದು ಬೇರೆ ಮೆಸೇಜಿನಲ್ಲಿ ಕಳಿಸಿದ್ದೇನೆ, ಅದನ್ನು ತೋರಿಸಿದರೆ ಸಾಕು.)

ಕೆಳಗಿನ ಬಲ ಮೂಲೆಯಲ್ಲಿ ರಾತ್ರಿ ಹೊತ್ತಿನ ಇನ್ನೊಂದು ಫೋನ್ ನಂಬರ್ ಇದೆ. ಫ್ಲಾಶ್ ಬೆಳಕು ಅದರ ಮೇಲೇ ಬಿದ್ದು ಕೊನೆಯ ಎರಡು ಅಂಕಿ ಅಳಿಸಿದಂತಾಗಿದೆ. ಫ್ಲಾಶ್ ಆಫ್ ಮಾಡಿ ಆ ಮೂಲೆಯದ್ದು ಮಾತ್ರ ಇನ್ನೊಂದು ಫೋಟೋ ಕಳಿಸಿ.