ಮಿಲ್ಲಿನ ಮಕ್ಕಳು, ಫ್ಯಾಕ್ಟರಿ ಕಾಯ್ದೆಗಳು: ಒಂದರ ಬೆನ್ನಿಗೆ ಇನ್ನೊಂದು

ಪ್ರಶ್ನೆ: ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ಫ್ಯಾಕ್ಟರಿ ಕಾಯ್ದೆಗಳು ಬರಲು ಕಾರಣವೇನು? ಮಕ್ಕಳ ದುಡಿಮೆಯ ಮೇಲೆ ಅವುಗಳಿಂದ ಆದ ಪರಿಣಾಮವೇನು? ಕಾರಣ ಮತ್ತು ಪರಿಣಾಮಗಳ ಸಂಬಂಧ ತೋರಿಸಿ ವಿವರಿಸಿ. (15 ಅಂಕ)

ಉತ್ತರ:

ಮಕ್ಕಳನ್ನು ವಿಪರೀತ ದುಡಿಸಿದ್ದರಿಂದ ಮೊದಲ ಕಾಯ್ದೆ ಬಂತು. ಆ ಕಾಯ್ದೆಯಲ್ಲಿ ಉಳಿದ ತೂತಿನಿಂದ ಎರಡನೆಯದು ಬಂತು. ಎರಡನೆಯದರ ತೂತಿನಿಂದ ಮೂರನೆಯದು. 1802ರಿಂದ 1850ರವರೆಗಿನ ಕಥೆಯೆಲ್ಲ ಹೀಗೇ ನಡೆಯಿತು. ಆದ್ದರಿಂದ ಕಾರಣಗಳನ್ನು ಒಂದು ಕಡೆ, ಪರಿಣಾಮಗಳನ್ನು ಇನ್ನೊಂದು ಕಡೆ ಪಟ್ಟಿ ಮಾಡಿದರೆ ವಿಷಯ ಕೈಗೆ ಸಿಗುವುದಿಲ್ಲ.

ಮೊದಲು, ಮಿಲ್ಲಿಗೆ ಮಕ್ಕಳೇ ಯಾಕೆ ಬೇಕಾದರು? ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಕ್ರಾಮ್‌ಫರ್ಡ್‌ನಲ್ಲಿ ಹತ್ತಿ ನೂಲುವ ಮಿಲ್ಲು ಶುರು ಮಾಡಿದ. ಅದು ನಡೆಯುತ್ತಿದ್ದದ್ದು ನೀರಿನ ಬಲದಿಂದ. ಹಾಗಾಗಿ ಇಂಥ ಮಿಲ್ಲುಗಳು ಊರಿನಿಂದ ದೂರ, ಹೊಳೆ ದಂಡೆಯಲ್ಲಿ ಎದ್ದವು. ಅಲ್ಲಿ ಆಳುಗಳು ಸಿಗುತ್ತಿರಲಿಲ್ಲ. ಅತ್ತ ಲಂಡನ್ನಿನಂಥ ಊರುಗಳಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಸಾಕುವ ಖರ್ಚು ಪ್ಯಾರಿಷ್ ಎಂಬ ಚರ್ಚಿನ ಸ್ಥಳೀಯ ಆಡಳಿತಗಳ ತಲೆ ಮೇಲಿತ್ತು. ಇಬ್ಬರ ಲೆಕ್ಕವೂ ಕೂಡಿ ಬಂತು. ಬಡಮಕ್ಕಳ ಆಶ್ರಯಮನೆಗಳಿಂದ ಏಳೆಂಟು ವರ್ಷದವರನ್ನು ಗಾಡಿಗೆ ತುಂಬಿ ಉತ್ತರದ ಮಿಲ್ಲುಗಳಿಗೆ ಕಳಿಸಿದರು. ಹೆಸರಿಗೆ ಅವರು ಕೆಲಸ ಕಲಿಯಲು ಬಂದವರು. ನಿಜದಲ್ಲಿ ಊಟ, ಬಟ್ಟೆ, ಮಲಗಲು ಜಾಗ ಇಷ್ಟಕ್ಕೇ ಹಲವು ವರ್ಷ ದುಡಿಯಬೇಕಾದವರು. ಕರಾರು ಸಾಮಾನ್ಯವಾಗಿ 21 ವರ್ಷ ತುಂಬುವವರೆಗೆ ಇರುತ್ತಿತ್ತು.

ಕೆಲಸವೂ ಸಣ್ಣ ಮೈಗೆ ಹೇಳಿ ಮಾಡಿಸಿದಂತಿತ್ತು. ನೂಲುವ ಮ್ಯೂಲ್ ಯಂತ್ರದಲ್ಲಿ ಕದಿರುಗಳ ಸಾಲು ಹೊತ್ತ ಬಂಡಿಯೊಂದು ಸುಮಾರು ಐದು ಅಡಿ ಮುಂದೆ ಬಂದು ಮತ್ತೆ ಹಿಂದೆ ಹೋಗುತ್ತಿತ್ತು. ಬಂಡಿ ಮುಂದೆ ಬಂದಾಗ ಒಬ್ಬ ಹುಡುಗ ಅದರ ಅಡಿಗೆ ನುಸುಳಿ, ಹೊಟ್ಟೆ ಮೇಲೆ ತೆವಳಿ, ಬಿದ್ದ ಹತ್ತಿ ಗುಡಿಸಿ ಹೊರಗೆ ಬರಬೇಕು. ಬಂಡಿ ವಾಪಸ್ ಹೋಗುವಷ್ಟರಲ್ಲಿ ಬರಬೇಕು, ಅಷ್ಟೇ. ಯಂತ್ರ ಯಾರಿಗೂ ನಿಲ್ಲುತ್ತಿರಲಿಲ್ಲ. ಇನ್ನು ಕೆಲವರು ಕಡಿದ ಎಳೆ ಹೊಸೆದು ಸೇರಿಸುವವರು. ಮತ್ತೆ ಕೆಲವರು ತುಂಬಿದ ಬಾಬಿನ್ ತೆಗೆದು ಖಾಲಿಯದು ಹಾಕುವವರು. ಸಂಜೆಯಾಗುತ್ತಾ ಬಂದಂತೆ ಮಕ್ಕಳಿಗೆ ನಿದ್ದೆ ಬರುತ್ತಿತ್ತು. ಎಚ್ಚರಿಸಲು ಮೇಸ್ತ್ರಿಯ ಕೈಯಲ್ಲಿ ಚರ್ಮದ ಪಟ್ಟಿ ಇರುತ್ತಿತ್ತು.

ಮೊದಲ ಕಾಯ್ದೆಗೆ ದಾರಿ ಮಾಡಿದ್ದು ಕರುಣೆಗಿಂತ ಜ್ವರದ ಭಯ. 1784ರಲ್ಲಿ ಮ್ಯಾಂಚೆಸ್ಟರ್ ಹತ್ತಿರದ ರ‍್ಯಾಡ್‌ಕ್ಲಿಫ್ ಮಿಲ್ಲುಗಳಲ್ಲಿ ಸಾಂಕ್ರಾಮಿಕ ಜ್ವರ ಹಬ್ಬಿತು. ಡಾಕ್ಟರ್ ಥಾಮಸ್ ಪರ್ಸಿವಲ್ ಮತ್ತು ಅವರ ಜೊತೆಗಾರರು ಹೋಗಿ ನೋಡಿದರು. ಇಕ್ಕಟ್ಟು, ಕೊಳಕು, ರಾತ್ರಿ ದುಡಿಮೆ ಇವೆಲ್ಲ ಮಕ್ಕಳ ಆರೋಗ್ಯ ಕೆಡಿಸುತ್ತಿವೆ ಎಂದರು. ಜ್ವರಕ್ಕೆ ಮಾಲೀಕನ ಮನೆ, ಕೂಲಿಯ ಮನೆ ಎಂಬ ಭೇದವಿಲ್ಲ, ಅಲ್ವಾ? ಆಮೇಲೆ 1802ರಲ್ಲಿ ಸರ್ ರಾಬರ್ಟ್ ಪೀಲ್ ಕಾಯ್ದೆ ತಂದರು. ಇವರು ಮುಂದೆ ಪ್ರಧಾನಿಯಾದ ಪೀಲರ ತಂದೆ. ಸ್ವತಃ ಮಿಲ್ ಮಾಲೀಕರು. ಪ್ಯಾರಿಷ್‌ನಿಂದ ಬಂದ ಮಕ್ಕಳಿಗೆ ದಿನಕ್ಕೆ 12 ಗಂಟೆಗಿಂತ ಜಾಸ್ತಿ ಕೆಲಸವಿಲ್ಲ, ವರ್ಷಕ್ಕೆರಡು ಸಲ ಗೋಡೆಗೆ ಸುಣ್ಣ, ಒಂದು ಹಾಸಿಗೆಗೆ ಇಬ್ಬರಿಗಿಂತ ಹೆಚ್ಚು ಮಂದಿ ಇಲ್ಲ, ಓದು ಬರಹ ಲೆಕ್ಕದ ಪಾಠ ಎಂದೆಲ್ಲ ಅದರಲ್ಲಿತ್ತು.

ಇದು ನೀರಿನ ಮಿಲ್ಲಿಗೆ ಮಾಡಿದ ಕಾನೂನು. ಅಷ್ಟರಲ್ಲಿ ಉಗಿಯಂತ್ರ ಬಂದಿತ್ತು. ಮಿಲ್ಲುಗಳು ಹೊಳೆ ಬಿಟ್ಟು ಮ್ಯಾಂಚೆಸ್ಟರ್, ಬೋಲ್ಟನ್, ಲೀಡ್ಸ್, ಬ್ರಾಡ್‌ಫರ್ಡ್‌ನಂಥ ಪಟ್ಟಣಗಳಿಗೆ ಬಂದವು. ಅಲ್ಲಿ ಪಕ್ಕದ ಬೀದಿಯಲ್ಲೇ ಮಕ್ಕಳಿದ್ದರು. ಅವರನ್ನು ಕರೆತರುತ್ತಿದ್ದದ್ದು ಅವರ ಅಪ್ಪ ಅಮ್ಮಂದಿರೇ. ಯಂತ್ರದ ಮಗ್ಗ ಬಂದು ಕೈಮಗ್ಗದವರ ಕೂಲಿ ನೆಲಕಚ್ಚಿದ ಮೇಲೆ ಅಪ್ಪನ ದುಡಿಮೆ ಒಂದರಿಂದ ಮನೆ ನಡೆಯುತ್ತಿರಲಿಲ್ಲ. 1802ರ ಕಾನೂನು ಇಂಥ ಮಕ್ಕಳನ್ನು ಮುಟ್ಟಲೇ ಇಲ್ಲ. ರಾಬರ್ಟ್ ಓವೆನ್ ನ್ಯೂ ಲ್ಯಾನಾರ್ಕ್‌ನ ತಮ್ಮ ಮಿಲ್ಲಿನಲ್ಲಿ ಹತ್ತು ವರ್ಷದೊಳಗಿನವರನ್ನು ಕೆಲಸಕ್ಕೆ ತೆಗೆದುಕೊಳ್ಳದೆಯೂ ಲಾಭ ಮಾಡಬಹುದು ಎಂದು ತೋರಿಸಿದ್ದರು. ಅವರ ಒತ್ತಾಯದಿಂದ 1819ರಲ್ಲಿ ಇನ್ನೊಂದು ಕಾಯ್ದೆ ಬಂತು. ಹತ್ತಿ ಮಿಲ್ಲಿನಲ್ಲಿ ಒಂಬತ್ತು ವರ್ಷದೊಳಗಿನವರು ಬೇಡ, 16ರವರೆಗೆ ದಿನಕ್ಕೆ 12 ಗಂಟೆ ಎಂದಿತು. ಆದರೆ ಪಾಲಿಸುತ್ತಾರೋ ಇಲ್ಲವೋ ನೋಡುವವರು ಯಾರು? ಯಾರೂ ಇಲ್ಲ. ಕಾಗದ ಕಾಗದವಾಗಿಯೇ ಉಳಿಯಿತು.

ಉಣ್ಣೆ ಮಿಲ್ಲುಗಳಿಗಂತೂ ಇದೂ ಅನ್ವಯಿಸುತ್ತಿರಲಿಲ್ಲ. ಯಾರ್ಕ್‌ಷೈರಿನ ಉಣ್ಣೆ ಸೀಮೆಯಿಂದಲೇ ಮುಂದಿನ ಬೆಂಕಿ ಹೊತ್ತಿದ್ದು ಅದಕ್ಕೇ. 1830ರಲ್ಲಿ ರಿಚರ್ಡ್ ಓಸ್ಲರ್ ಎಂಬ ಜಮೀನು ವ್ಯವಸ್ಥಾಪಕ 'ಲೀಡ್ಸ್ ಮರ್ಕ್ಯುರಿ' ಪತ್ರಿಕೆಗೆ ಒಂದು ಪತ್ರ ಬರೆದ. ತಲೆಬರಹ 'ಯಾರ್ಕ್‌ಷೈರಿನ ಗುಲಾಮಗಿರಿ'. ಆ ಸೀಮೆಯ ದೊಡ್ಡ ಮನುಷ್ಯರೆಲ್ಲ ಆಗ ವೆಸ್ಟ್ ಇಂಡೀಸಿನ ಗುಲಾಮರ ಬಿಡುಗಡೆಗೆ ಸಭೆ ಸೇರಿಸಿ ಭಾಷಣ ಮಾಡುತ್ತಿದ್ದರು. ಬ್ರಾಡ್‌ಫರ್ಡ್‌ನ ಮಿಲ್ಲುಗಳಲ್ಲಿ ಏಳರಿಂದ 14 ವರ್ಷದ ಮಕ್ಕಳು ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ, ನಡುವೆ ಬರೀ ಅರ್ಧ ಗಂಟೆ ಬಿಡುವಿನಲ್ಲಿ ದುಡಿಯುತ್ತಿರುವುದು ನಿಮಗೆ ಕಾಣುವುದಿಲ್ಲವೇ ಎಂದು ಓಸ್ಲರ್ ಕೇಳಿದ. ಮುಟ್ಟಿ ನೋಡಿಕೊಳ್ಳುವಂಥ ಏಟು. ದಿನದ ದುಡಿಮೆ ಹತ್ತು ಗಂಟೆ ಮೀರಬಾರದೆಂಬ 'ಹತ್ತು ಗಂಟೆ' ಚಳವಳಿಯ ಸಮಿತಿಗಳು ಪಟ್ಟಣ ಪಟ್ಟಣದಲ್ಲಿ ಎದ್ದವು.

1832ರಲ್ಲಿ ಮೈಕೆಲ್ ಸ್ಯಾಡ್ಲರ್ ಅಧ್ಯಕ್ಷತೆಯ ಸಂಸತ್ ಸಮಿತಿ ಸಾಕ್ಷಿ ಕೇಳಿತು. ಲೀಡ್ಸಿನ ಎಲಿಜಬೆತ್ ಬೆಂಟ್ಲಿ ಎಂಬ 23ರ ಹೆಣ್ಣುಮಗಳು ತಾನು ಆರನೇ ವಯಸ್ಸಿಗೆ ನಾರಗಸೆ ಮಿಲ್ಲಿಗೆ ಸೇರಿದ್ದನ್ನು ಹೇಳಿದಳು. ಬಾಬಿನ್ ತೆಗೆಯುವ ಕೆಲಸ. ಕೆಲಸ ಜಾಸ್ತಿ ಇದ್ದಾಗ ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತು. ಊಟಕ್ಕೆ ಮಧ್ಯಾಹ್ನ 40 ನಿಮಿಷ. ಭಾರದ ಬುಟ್ಟಿ ಎಳೆದೆಳೆದು ಮೂಳೆ ಕೀಲು ತಪ್ಪಿತ್ತು.

ಸ್ಯಾಡ್ಲರ್‌ಗೆ ಸಿಕ್ಕ ಪ್ರತಿಫಲ ಸೋಲು. ಅದೇ ವರ್ಷದ ಕೊನೆಗೆ ಲೀಡ್ಸ್‌ನಲ್ಲಿ ಚುನಾವಣೆ. ಗೆದ್ದವರಲ್ಲಿ ಒಬ್ಬರು ನಾರಗಸೆ ಮಿಲ್ ಮಾಲೀಕರ ಮನೆತನದವರು. ಇನ್ನೊಬ್ಬರು ಮೆಕಾಲೆ. ಹೌದು, ಎರಡು ವರ್ಷ ಬಿಟ್ಟು ಇಂಡಿಯಾಕ್ಕೆ ಬಂದು ಇಂಗ್ಲಿಷ್ ಶಿಕ್ಷಣದ ಟಿಪ್ಪಣಿ ಬರೆದ ಅದೇ ಮೆಕಾಲೆ. ಸ್ಯಾಡ್ಲರ್ ಸಮಿತಿ ಒಂದು ಕಡೆಯ ಮಾತಷ್ಟೇ ಕೇಳಿದೆ ಎಂದು ಮಾಲೀಕರು ತಕರಾರು ತೆಗೆದಿದ್ದರು. ಆದ್ದರಿಂದ ಸರ್ಕಾರ ಪ್ರತ್ಯೇಕ ಆಯೋಗ ನೇಮಿಸಿತು. ಆಯೋಗವೂ ಮಕ್ಕಳ ಸ್ಥಿತಿ ಕೆಟ್ಟದ್ದೆಂದೇ ಒಪ್ಪಿತು. ಆದರೆ ದೊಡ್ಡವರು ತಮ್ಮ ಇಷ್ಟದಿಂದ ದುಡಿಯುವವರು, ಅವರಿಗೆ ಕಾನೂನು ಬೇಡ ಎಂದಿತು.

ಹೀಗೆ ಬಂದದ್ದು 1833ರ ಕಾಯ್ದೆ. ಬ್ರಿಟಿಷ್ ವಸಾಹತುಗಳ ಗುಲಾಮಗಿರಿ ರದ್ದತಿಗೆ ರಾಜನ ಅಂಕಿತ ಬಿದ್ದ ಮಾರನೇ ದಿನವೇ, ಆಗಸ್ಟ್ 29ರಂದು, ಇದಕ್ಕೂ ಬಿತ್ತು. ರೇಷ್ಮೆ ಬಿಟ್ಟು ಉಳಿದ ಬಟ್ಟೆ ಮಿಲ್ಲುಗಳಲ್ಲಿ ಒಂಬತ್ತರೊಳಗಿನವರಿಗೆ ಕೆಲಸವಿಲ್ಲ. 13ರೊಳಗಿನವರಿಗೆ ವಾರಕ್ಕೆ 48 ಗಂಟೆ, ಜೊತೆಗೆ ದಿನಕ್ಕೆ ಎರಡು ಗಂಟೆ ಶಾಲೆ. 18ರೊಳಗಿನವರಿಗೆ ದಿನಕ್ಕೆ 12 ಗಂಟೆ, ರಾತ್ರಿ ದುಡಿಮೆ ಇಲ್ಲ. ನಾಲ್ವರು ಸರ್ಕಾರಿ ಇನ್‌ಸ್ಪೆಕ್ಟರ್‌ಗಳು. ನನ್ನ ಪ್ರಕಾರ ಇಡೀ ಉತ್ತರದಲ್ಲಿ ಅಡಿಗೆರೆ ಎಳೆಯಬೇಕಾದ ಮಾತು ಈ ಕೊನೆಯದು. ದೇಶಕ್ಕೆಲ್ಲ ನಾಲ್ವರು ಎಂದರೆ ನಗು ಬರುತ್ತದೆ, ನಿಜ. ಆದರೆ ಮಿಲ್ಲಿನ ಒಳಗೆ ಕಾಲಿಡುವ ಹಕ್ಕು ಮಾಲೀಕನ ಸಂಬಳ ತಿನ್ನದ ಒಬ್ಬನಿಗೆ ಸಿಕ್ಕಿತು. ಲಿಯೊನಾರ್ಡ್ ಹಾರ್ನರ್‌ನಂಥ ಇನ್‌ಸ್ಪೆಕ್ಟರ್‌ಗಳು ಬರೆದ ವರದಿಗಳೇ ಮುಂದಿನ ಕಾಯ್ದೆಗಳಿಗೆ ಸಾಮಗ್ರಿಯಾದವು.

ಆ ವರದಿಗಳಲ್ಲಿ ಏನಿತ್ತು? ಮಗುವಿನ ವಯಸ್ಸು ಗೊತ್ತು ಮಾಡುವುದೇ ಮೊದಲ ಕಷ್ಟ. ಸರ್ಕಾರಿ ಜನನ ನೋಂದಣಿ ಶುರುವಾದದ್ದೇ 1837ರಲ್ಲಿ. ಅಲ್ಲಿಯವರೆಗೆ ಡಾಕ್ಟರು ನೋಡಿ ಅಂದಾಜಿನಲ್ಲಿ ಬರೆದದ್ದೇ ವಯಸ್ಸು. ಹಲ್ಲು ಎಣಿಸಿ ವಯಸ್ಸು ಹೇಳುವ ವಿಧಾನವನ್ನು ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯರು 1837ರಲ್ಲಿ ಸಂಸತ್ತಿನ ಮುಂದಿಟ್ಟರು. ಮನೆಯವರಿಗೂ ಕೂಲಿ ಬೇಕಿತ್ತು, ಹಾಗಾಗಿ ಎಂಟರ ಮಗುವನ್ನು ಒಂಬತ್ತು ಎಂದು ಹೇಳುವವರು ಇದ್ದೇ ಇದ್ದರು. ಶಾಲೆಯ ಕಥೆ ಇನ್ನೂ ಚೆನ್ನ. ಕೆಲವು ಹಾಜರಿ ಚೀಟಿಗಳಲ್ಲಿ ಮೇಷ್ಟ್ರ ಸಹಿ ಇರಬೇಕಾದ ಕಡೆ ಬರೀ ಒಂದು ಗೀಟು ಇತ್ತು, ಯಾಕೆಂದರೆ ಆ ಮೇಷ್ಟ್ರಿಗೇ ಬರೆಯಲು ಬರುತ್ತಿರಲಿಲ್ಲ. ಮೂರನೆಯದು ಪಾಳಿಯ ತಂತ್ರ. ಮಕ್ಕಳನ್ನು ಎರಡು ಗುಂಪು ಮಾಡಿ ಒಂದರ ನಂತರ ಒಂದನ್ನು ಬಳಸಿದರೆ ಯಂತ್ರವೂ ದೊಡ್ಡವರೂ ಮೊದಲಿನಷ್ಟೇ ಹೊತ್ತು ಓಡಬಹುದಿತ್ತು. ಮಕ್ಕಳ ಗಂಟೆ ಕಡಿಮೆಯಾದರೆ ತಮ್ಮದೂ ತಾನಾಗಿ ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿದ್ದ ಕಾರ್ಮಿಕರಿಗೆ ಇದರಿಂದ ನಿರಾಸೆಯಾಯಿತು.

1844ರ ಕಾಯ್ದೆ ಈ ತೂತುಗಳಿಗೆ ಒಂದೊಂದಾಗಿ ಬಿರಟೆ ಹಾಕಿತು. ಮೇಷ್ಟ್ರು ಸ್ವಂತ ಕೈಯಲ್ಲಿ ಸಹಿ ಮಾಡಬೇಕು. ಯಂತ್ರಕ್ಕೆ ಬೇಲಿ ಇರಬೇಕು. ಓಡುವ ಯಂತ್ರದ ಅಡಿಗೆ ಮಕ್ಕಳನ್ನು ಗುಡಿಸಲು ಬಿಡುವಂತಿಲ್ಲ. ಕೆಲಸದ ಹೊತ್ತು ಮಿಲ್ಲಿನ ಗಡಿಯಾರದ್ದಲ್ಲ, ರೈಲ್ವೆ ಗಡಿಯಾರದಂಥ ಊರಿಗೆಲ್ಲ ಕಾಣುವ ಗಡಿಯಾರದ್ದು. ಇಂಥ ನಿಯಮ ಬರೆಯಬೇಕಾಯಿತು ಎಂದರೆ ಅಲ್ಲಿಯವರೆಗೆ ಮಿಲ್ಲಿನ ಮುಳ್ಳು ಯಾರ ಕೈಯಲ್ಲಿತ್ತೆಂದು ಬೇರೆ ಹೇಳಬೇಕಿಲ್ಲ. ಹೆಂಗಸರಿಗೂ 12 ಗಂಟೆಯ ಮಿತಿ ಬಂತು. 13ರೊಳಗಿನವರ ಕೆಲಸ ಆರೂವರೆ ಗಂಟೆಗೆ ಇಳಿಯಿತು. ಆದರೆ ಇದಕ್ಕೆ ತೆತ್ತ ಬೆಲೆಯೂ ಇದೆ. ಕೆಲಸಕ್ಕೆ ಸೇರುವ ವಯಸ್ಸನ್ನು ಒಂಬತ್ತರಿಂದ ಎಂಟಕ್ಕೆ ಇಳಿಸಿದರು.

ಹತ್ತು ಗಂಟೆಯ ಬೇಡಿಕೆ ಈಡೇರಿದ್ದು 1847ರಲ್ಲಿ. ಲಾಭವೆಲ್ಲ ಇರುವುದು ದಿನದ ಕೊನೆಯ ಗಂಟೆಯಲ್ಲಿ, ಅದನ್ನು ಕಿತ್ತುಕೊಂಡರೆ ಮಿಲ್ಲೇ ಮುಳುಗುತ್ತದೆ ಎಂದು ಅರ್ಥಶಾಸ್ತ್ರಜ್ಞ ನಸೌ ಸೀನಿಯರ್ 1837ರಲ್ಲಿ ವಾದಿಸಿದ್ದರು. ಮಸೂದೆ ಗೆಲ್ಲಿಸಿದ ಜಾನ್ ಫೀಲ್ಡನ್ ಸ್ವತಃ ಟಾಡ್‌ಮೊರ್ಡನ್‌ನ ದೊಡ್ಡ ಮಿಲ್ ಮಾಲೀಕ. ಮಿಲ್ಲುಗಳು ಮುಳುಗಲಿಲ್ಲ. ಮಾಲೀಕರು ಮತ್ತೆ ಪಾಳಿ ತಂತ್ರಕ್ಕೆ ಇಳಿದಾಗ 1850ರ ಕಾಯ್ದೆ ಹೆಂಗಸರು ಮತ್ತು ಹದಿಹರೆಯದವರಿಗೆ ಬೆಳಿಗ್ಗೆ ಆರರಿಂದ ಸಂಜೆ ಆರು ಎಂದು ಹೊತ್ತನ್ನೇ ಕಟ್ಟಿಹಾಕಿತು. ಶನಿವಾರ ಮಧ್ಯಾಹ್ನ ಎರಡಕ್ಕೆ ಬಿಡಬೇಕೆಂದಿತು. ಹೆಂಗಸರಿಲ್ಲದೆ ಮಿಲ್ಲು ನಡೆಯುವುದಿಲ್ಲವಲ್ಲ, ಗಂಡಸರ ಗಂಟೆಗಳೂ ಇಳಿದವು. ಲ್ಯಾಂಕಾಷೈರಿನಲ್ಲಿ ಶನಿವಾರ ಮಧ್ಯಾಹ್ನದ ಫುಟ್‌ಬಾಲ್ ಬೆಳೆದದ್ದು ಈ ಬಿಡುವಿನಲ್ಲೇ.

ಇವೆಲ್ಲ ಬಟ್ಟೆ ಮಿಲ್ಲಿನ ಮಾತು. ಗಣಿಗಳಿಗೆ 1842ರಲ್ಲಿ ಬೇರೆ ಕಾನೂನು ಬಂದು, ಹೆಂಗಸರು, ಹುಡುಗಿಯರು ಮತ್ತು ಹತ್ತರೊಳಗಿನ ಹುಡುಗರನ್ನು ನೆಲದಡಿಯ ಕೆಲಸದಿಂದ ಬಿಡಿಸಿತು. ಉಳಿದ ದೊಡ್ಡ ಕಾರ್ಖಾನೆಗಳು ಮತ್ತು ಸಣ್ಣ ವರ್ಕ್‌ಶಾಪ್‌ಗಳಲ್ಲಿ ಬಹುಪಾಲು 1867ರವರೆಗೆ ಕಾಯಬೇಕಾಯಿತು.

ಇಂಡಿಯಾಕ್ಕೂ ಈ ಸರಪಣಿಯ ಒಂದು ಕೊಂಡಿ ತಗಲಿತು. ಬೊಂಬಾಯಿಯ ಮಿಲ್ಲುಗಳು ಬೆಳೆದಂತೆ, ಅಲ್ಲಿ ಮಕ್ಕಳನ್ನು ಲಂಗುಲಗಾಮಿಲ್ಲದೆ ದುಡಿಸುತ್ತಾರೆ ಎಂದು ಮ್ಯಾಂಚೆಸ್ಟರಿನ ಮಾಲೀಕರೇ ದೂರತೊಡಗಿದರು. ಸ್ಪರ್ಧೆಯ ಹೊಟ್ಟೆಯುರಿಯೂ ಅದರಲ್ಲಿತ್ತು. 1881ರ ಇಂಡಿಯನ್ ಫ್ಯಾಕ್ಟರಿ ಕಾಯ್ದೆ ಏಳು ವರ್ಷದೊಳಗಿನವರನ್ನು ಮಾತ್ರ ಹೊರಗಿಟ್ಟಿತು. 12ರೊಳಗಿನವರಿಗೆ ಒಂಬತ್ತು ಗಂಟೆ ಎಂದಿತು. ಇಂಗ್ಲೆಂಡಿನವರು 1819ರಲ್ಲೇ ಒಂಬತ್ತು ವರ್ಷ ಎಂದಿದ್ದರು.

ಇಂಗ್ಲೆಂಡಿನಲ್ಲಿ ಆರೂವರೆ ಗಂಟೆಯ ಮಿತಿಯಿಂದ ಹುಟ್ಟಿದ ಅರ್ಧ ದಿನದ ಪದ್ಧತಿ ಮಾತ್ರ ಎಲ್ಲರೂ ಅಂದುಕೊಂಡದ್ದಕ್ಕಿಂತ ಜಾಸ್ತಿ ದಿನ ಬಾಳಿತು. ಬೆಳಿಗ್ಗೆ ಮಿಲ್ಲು, ಮಧ್ಯಾಹ್ನ ಶಾಲೆ. ಮುಂದಿನ ವಾರ ತಿರುಗುಮುರುಗು. ಬೆಳಿಗ್ಗೆ ಆರಕ್ಕೆ ಮಿಲ್ಲಿಗೆ ಹೋಗಿ ಬಂದ ಮಗು ಮಧ್ಯಾಹ್ನ ಬೆಂಚಿನ ಮೇಲೆ ತೂಕಡಿಸುತ್ತಿತ್ತು. 1880ರಲ್ಲಿ ಶಾಲೆ ಕಡ್ಡಾಯವಾಯಿತು. ಮಿಲ್ಲಿಗೆ ಸೇರುವ ವಯಸ್ಸು ಏರುತ್ತಾ ಏರುತ್ತಾ 1901ರಲ್ಲಿ 12ಕ್ಕೆ ಬಂತು. ಅದನ್ನು 13 ಮಾಡೋಣವೇ ಎಂದು 1909ರಲ್ಲಿ ಹತ್ತಿ ಕಾರ್ಮಿಕರ ಸಂಘ ತನ್ನ ಸದಸ್ಯರನ್ನೇ ಮತಕ್ಕೆ ಕೇಳಿತು. ಅವರಲ್ಲಿ ಎಷ್ಟೋ ಮಂದಿ ಸ್ವತಃ ಅರ್ಧ ದಿನ ದುಡಿದು ಬೆಳೆದವರು. ದೊಡ್ಡ ಬಹುಮತದಿಂದ ಬೇಡ ಎಂದರು.